‘ಲೇಜಿ ಡಿಲೀಶನ್’ಗೆ ‘ಸೋಮಾರಿ ಅಳಿಸುವಿಕೆ’ ಎನ್ನಬಹುದೇ?

ಪ್ರಶ್ನೆ

ಮಾನ್ಯರೇ, ಡಿಪ್ಲೊಮಾ ವಿದ್ಯಾರ್ಥಿಗಳಿಗಾಗಿ ಬರೆಯುತ್ತಿರುವ ಪಾಠವೊಂದರಲ್ಲಿ, ಸರಿಯುವ ಕಿಟಕಿಯೊಳಗಿನ ಸಂಖ್ಯೆಗಳ ಮಧ್ಯಾಂಕವನ್ನು ಎರಡು ಹೀಪ್‌ಗಳಿಂದ ಕಂಡುಹಿಡಿಯುವ ಕ್ರಮವನ್ನು ವಿವರಿಸಬೇಕಾಗಿದೆ. ಮಧ್ಯಾಂಕ ಎಂಬ ಪದ ಶಾಲೆಯ ಗಣಿತದಿಂದಲೇ ಪರಿಚಿತವಾಗಿದೆ. ಹೀಪ್ ಅನ್ನು ‘ರಾಶಿ’ ಎಂದರೆ ಕಣದಲ್ಲಿ ಸುರಿದ ಕಾಳಿನ ಚಿತ್ರ ಬರುತ್ತದೆಯೇ ಹೊರತು ನೆತ್ತಿಯಲ್ಲಿ ಯಾವಾಗಲೂ ಅತಿ ದೊಡ್ಡದೋ ಅತಿ ಚಿಕ್ಕದೋ ಇರುವ ವ್ಯವಸ್ಥೆಯ ಚಿತ್ರ ಬರುವುದಿಲ್ಲವಾದ್ದರಿಂದ ಹೀಪ್ ಎಂದೇ ಉಳಿಸಿಕೊಂಡಿದ್ದೇನೆ. ತೊಡಕಿರುವುದು ಕಿಟಕಿಯಿಂದ ಹೊರಹೋದ ಸಂಖ್ಯೆಯನ್ನು ಆಗಲೇ ತೆಗೆಯದೆ ಬಿಡುವ ‘ಲೇಜಿ ಡಿಲೀಶನ್’ ಎಂಬ ಪದದಲ್ಲಿ. ‘ಸೋಮಾರಿ’ ಎಂದರೆ ಕೆಲಸಗಳ್ಳತನದ ಅರ್ಥ ಬಂದುಬಿಡುತ್ತದೆ. ತಮ್ಮ ಸಲಹೆಯೇನು?

ಮೊದಲ ಉತ್ತರ

ಇಲ್ಲಿ ನಿಜವಾಗಿ ಯಾವುದನ್ನೂ ಅಳಿಸುವುದಿಲ್ಲ, ಹೋದದ್ದರ ಮೇಲೆ ಗುರುತು ಹಾಕುತ್ತೇವೆ, ಅಷ್ಟೆ. ಆದುದರಿಂದ ‘ಗುರುತು ಅಳಿಸುವಿಕೆ’ ಎನ್ನುವುದು ಸೂಕ್ತ. ಗುರುತು ಹಾಕಿದ ಮೇಲೆ ಬೇರೇನೂ ಮಾಡಬೇಕಾಗಿಲ್ಲ.

ಎರಡನೆಯ ಉತ್ತರ

ನಮ್ಮ ತೋಟದ ತೊಟ್ಟಿಯ ನೀರಿನ ಮಟ್ಟ ಅಳೆಯುವ ಸಂವೇದಕ ನಡುನಡುವೆ 0 ತೋರಿಸುತ್ತದೆ. ಮೊನ್ನೆ ಸಾಲಾಗಿ 82, 81, 0, 81, 80 ಬಂದಾಗ ಸರಾಸರಿ 64.8ಕ್ಕೆ ಇಳಿದು, ತೊಟ್ಟಿ ತುಂಬಿದ್ದರೂ ಪಂಪು ಚಾಲೂ ಆಯಿತು. ಹೀಗೆ ತಡವಾಗಿ ಅಳಿಸಿದರೆ ಹಳೆಯ ಅಳತೆಗಳನ್ನು ಬೇಕಾದಾಗ ಮರಳಿ ಪಡೆಯಬಹುದೇ?

ಮೂರನೆಯ ಉತ್ತರ

ತೋಟದವರು ಕೇಳಿದ್ದಕ್ಕೆ ಮೊದಲು ಹೇಳುತ್ತೇನೆ. ಇದು ಮರಳಿ ಪಡೆಯುವ ಏರ್ಪಾಡಲ್ಲ. ಅವರ ಐದು ಅಳತೆಗಳ ಮಧ್ಯಾಂಕ 81, ಆ 0 ಅದನ್ನು ಅಲುಗಿಸಲಾರದು. ಐದೇ ಅಳತೆಗಳಿಗೆ ಹೀಪ್ ಬೇಡ, ಪ್ರತಿ ಸಲ ಏರಿಕೆಯ ಕ್ರಮದಲ್ಲಿ ಜೋಡಿಸಿ ನಡುವಿನದನ್ನು ತೆಗೆದುಕೊಂಡರೆ ಸಾಕು.

ಗುರುತು ಹಾಕುವುದು ನಿಜ, ಆದರೆ ಅಲ್ಲಿಗೆ ಕೆಲಸ ಮುಗಿಯುವುದಿಲ್ಲ. 2, 9, 4, 7, 1 ಎಂಬ ಸಾಲಿನಲ್ಲಿ ಮೂರರ ಕಿಟಕಿ ಸರಿಯಲಿ. ಕಿಟಕಿಯ ಚಿಕ್ಕ ಎರಡು ಒಂದು ಹೀಪ್‌ನಲ್ಲಿ, ಉಳಿದ ದೊಡ್ಡದು ಇನ್ನೊಂದರಲ್ಲಿ ಇದ್ದರೆ ಚಿಕ್ಕವುಗಳ ನೆತ್ತಿಯೇ ಮಧ್ಯಾಂಕ. ಮೊದಲ ಕಿಟಕಿಯಲ್ಲಿ ಚಿಕ್ಕವುಗಳ ಹೀಪ್‌ನಲ್ಲಿ 4, ಅದರಡಿ 2 ಇರುತ್ತವೆ. ದೊಡ್ಡವುಗಳದರಲ್ಲಿ 9 ಇರುತ್ತದೆ. ಮಧ್ಯಾಂಕ 4. ಈಗ 2 ಹೊರಹೋಗಿ 7 ಬರಬೇಕು. 2 ನೆತ್ತಿಯಲ್ಲಿಲ್ಲ, ಅದನ್ನು ಹುಡುಕಿ ಕೀಳುವುದು ದುಬಾರಿ. ಆದ್ದರಿಂದ ಅದನ್ನು ಬಾಕಿ ಪಟ್ಟಿಗೆ ಬರೆದು, ಚಿಕ್ಕವುಗಳ ಜೀವಂತ ಎಣಿಕೆಯನ್ನು ಮಾತ್ರ 2ರಿಂದ 1ಕ್ಕೆ ಇಳಿಸುತ್ತೇವೆ. 7 ದೊಡ್ಡವುಗಳ ಕಡೆ ಸೇರಿದಾಗ ಎಣಿಕೆ 1 ಮತ್ತು 2 ಆಗುತ್ತದೆ. ಸಮತೋಲಕ್ಕಾಗಿ 7 ಚಿಕ್ಕವುಗಳ ಕಡೆ ಬಂದು ನೆತ್ತಿಗೇರುತ್ತದೆ. 9, 4, 7ರ ಮಧ್ಯಾಂಕ 7, ಸರಿಯಾಯಿತು.

ಜೀವಂತ ಎಣಿಕೆಯ ಬದಲು ಹೀಪ್‌ನ ಉದ್ದವನ್ನೇ ನೋಡಿದ್ದರೆ ಎರಡೂ ಕಡೆ ಎರಡೆರಡು ಕಂಡು, ಏನನ್ನೂ ಸರಿಸದೆ, 4 ಎಂಬ ತಪ್ಪು ಉತ್ತರ ಬರುತ್ತಿತ್ತು. ವಿದ್ಯಾರ್ಥಿಗಳ ಪ್ರೋಗ್ರಾಂಗಳಲ್ಲಿ ನಾನು ಅತಿ ಹೆಚ್ಚು ಕಂಡಿರುವ ತಪ್ಪು ಇದೇ. ಮೊದಲ ಕೆಲವು ಉತ್ತರಗಳು ಸರಿಯಾಗಿದ್ದು ಆಮೇಲೆ ಕೆಟ್ಟರೆ ಇದನ್ನೇ ಮೊದಲು ಶಂಕಿಸಬೇಕು. ಮುಂದೆ 9 ಹೊರಹೋಗಿ 1 ಬಂದಾಗ 7 ಮತ್ತೆ ಆಚೆ ಕಡೆ ಹೋಗಿ 4 ನೆತ್ತಿಗೆ ಬರುತ್ತದೆ. ಸಾಲು ಇನ್ನೂ ಮುಂದುವರಿದು, ಅದರ ಮುಂದಿನ ಹೆಜ್ಜೆಯಲ್ಲಿ 4 ಹೊರಹೋದಾಗ ಅದರಡಿಯ 2 ಮೇಲೆ ಬರುತ್ತದೆ. ಬಾಕಿ ತೀರುವುದು ಆಗ:

```python
while lo and baki[-lo[0]]:
    baki[-lo[0]] -= 1
    heapq.heappop(lo)
```

ಇಲ್ಲಿ `lo` ಚಿಕ್ಕವುಗಳ ಹೀಪ್, `baki` ಒಂದು `Counter`. `heapq`ನ ಈ ಕರೆ ಅತಿ ಚಿಕ್ಕದನ್ನು ನೆತ್ತಿಯಲ್ಲಿಡುವುದರಿಂದ `lo`ದಲ್ಲಿ ಸಂಖ್ಯೆಗಳನ್ನು ಋಣ ಚಿಹ್ನೆಯೊಡನೆ ಇಟ್ಟಿದ್ದೇನೆ. ಒಂದೇ ಬೆಲೆ ಎರಡೂ ಹೀಪ್‌ಗಳಲ್ಲಿ ಇರಬಹುದಾದಲ್ಲಿ ಬರೀ ಬೆಲೆಯನ್ನು ಬಾಕಿ ಬರೆದರೆ ಒಂದು ಕಡೆಯ ಲೆಕ್ಕಕ್ಕೆ ಇನ್ನೊಂದು ಕಡೆಯದು ಹೋಗುವ ಅಪಾಯವಿದೆ. ಆಗ ಬೆಲೆಯೊಡನೆ ಸಾಲಿನಲ್ಲಿನ ಅದರ ಸ್ಥಾನವನ್ನೂ ಸೇರಿಸಿ ಇಡಬೇಕು.

ಈ ನಡೆಯನ್ನು ನೋಡಿದರೆ ‘ಬಾಕಿಯಿಟ್ಟು ತೆಗೆಯುವುದು’ ಎಂಬುದೇ ನನಗೆ ಒಪ್ಪಿಗೆ. ಅಂಗಡಿಯ ಖಾತೆಯಲ್ಲಿ ಬಾಕಿ ಬರೆದ ಮೇಲೆ ಸರಕು ಯಾರದೆಂಬ ಲೆಕ್ಕ ಬದಲಾಗಿರುತ್ತದೆ, ತೀರುವೆ ಮಾತ್ರ ಆಮೇಲೆ. ಇಲ್ಲಿಯೂ ಹಾಗೆಯೇ.

ಪ್ರಶ್ನೆ ಕೇಳಿದವರಿಂದ

ಉಪಕಾರವಾಯಿತು. ‘ಬಾಕಿ’ ಹಿಡಿಸಿತು. ಆದರೆ ಒಂದು ಅನುಮಾನ ಉಳಿದಿದೆ. ಸಂಖ್ಯೆಗಳು ಏರುತ್ತಲೇ ಇರುವ ಸಾಲಿನಲ್ಲಿ ಹೊರಹೋಗುವವು ಯಾವಾಗಲೂ ಅತಿ ಚಿಕ್ಕವು. ಅವು ಚಿಕ್ಕವುಗಳ ಹೀಪ್‌ನ ಅಡಿಯಲ್ಲೇ ಉಳಿದು ನೆತ್ತಿಗೆ ಬರುವುದೇ ಇಲ್ಲ. ಹೀಪ್ ಕಿಟಕಿಯ ಅಳತೆಯನ್ನು ಮೀರಿ ಇಡೀ ಸಾಲಿನಷ್ಟು ಬೆಳೆಯುತ್ತದೆ. ತೀರದೆಯೇ ಉಳಿಯುವುದನ್ನು ಬಾಕಿ ಎನ್ನಬಹುದೇ?

ಮೂರನೆಯ ಉತ್ತರದವರಿಂದ

ಗಮನಿಸಿದ್ದು ಸರಿ. ಸತ್ತವು ಜೀವಂತ ಸಂಖ್ಯೆಗಳನ್ನು ಮೀರಿದಾಗ ಹೀಪ್ ಅನ್ನು ಹೊಸದಾಗಿ ಕಟ್ಟಿಕೊಳ್ಳುವುದು ಅದಕ್ಕೆ ಪರಿಹಾರ. ಪದದ ಬಗ್ಗೆ ಹೇಳುವುದಾದರೆ, ವಸೂಲಾಗದ ಬಾಕಿಯನ್ನೂ ನಾವು ಬಾಕಿಯೆಂದೇ ಕರೆಯುತ್ತೇವೆ.

ಮೊದಲ ಉತ್ತರದವರಿಂದ

ಎಣಿಕೆಯ ವಿಷಯ ನನಗೆ ಹೊಳೆದಿರಲಿಲ್ಲ. ಆದರೂ ಲೆಕ್ಕವೊಂದನ್ನು ಬೇಕಾಗುವವರೆಗೆ ಮಾಡದೆ ಬಿಡುವ ‘ಲೇಜಿ ಇವ್ಯಾಲ್ಯುಯೇಶನ್’ಗೆ ‘ಬಾಕಿ’ ಹೊಂದುವುದೇ? ಎರಡಕ್ಕೂ ಒಂದೇ ಪದ ಬೇಕೆಂದರೆ ನನ್ನ ‘ಗುರುತು’ ಬಿಟ್ಟು ‘ಮುಂದೂಡಿದ’ ಎನ್ನುವುದೇ ವಾಸಿ ಎಂದು ಈಗ ತೋರುತ್ತದೆ.