ಸಹಾಯ ಬೇಕು: ಮೊದಲ ಭೇಟಿಯಲ್ಲಿ ಮಧ್ಯದಲ್ಲೇ ಹೊರಡೋದು ಹೇಗೆ?

ನಮಸ್ಕಾರ. ನಾನು ಮೈಸೂರಿನ ಸರಸ್ವತಿಪುರಂನಲ್ಲಿ ಇದ್ದೇನೆ. ಆ್ಯಪ್‌ನಲ್ಲಿ ಪರಿಚಯವಾದ ಒಬ್ಬರನ್ನು ಹೋದ ಭಾನುವಾರ ಕಾಳಿದಾಸ ರಸ್ತೆಯ ಕೆಫೆಯೊಂದರಲ್ಲಿ ಮೊದಲ ಸಲ ಭೇಟಿಯಾದೆ. ಇಪ್ಪತ್ತು ನಿಮಿಷಕ್ಕೇ ಎದ್ದು ಬರೋಣ ಅನ್ನಿಸಿತು. ಒರಟಾಗಿ ಏನೂ ಮಾತಾಡಲಿಲ್ಲ. ಆದರೆ ಮನೆ ಯಾವ ಕ್ರಾಸು, ಒಬ್ಬಳೇ ಇರ್ತೀರಾ, ಸಂಬಳ ಎಷ್ಟು ಅಂತ ಕೇಳುತ್ತಲೇ ಇದ್ದರು. ತುಂಬಾ ಮುಜುಗರವಾಯಿತು.

ಗೆಳತಿಗೆ ಮೆಸೇಜ್ ಹಾಕಿ ಫೋನ್ ಮಾಡಿಸಿಕೊಂಡೆ. "ಅಮ್ಮನಿಗೆ ಹುಷಾರಿಲ್ಲವಂತೆ, ಹೊರಡ್ತೀನಿ" ಅಂದೆ. ಅವರು ತಕ್ಷಣ ಗಾಡಿ ಕೀ ತೆಗೆದು, "ಬನ್ನಿ, ನಾನೇ ಬಿಡ್ತೀನಿ" ಅಂತ ಎದ್ದರು. ಅವರಿಗೆ ಮನೆ ತೋರಿಸೋದು ನನಗೆ ಬೇಡವಾಗಿತ್ತು. "ಇಲ್ಲ, ತಂಗಿ ನೋಡಿಕೊಳ್ತಾಳಂತೆ" ಅಂತ ಮತ್ತೆ ಕೂತೆ. ಇನ್ನೂ ಒಂದು ಗಂಟೆ ಹೋಯಿತು. ಬಿಲ್ಲನ್ನೂ ಅವರೇ ಕೊಟ್ಟರು. ಆ ಋಣಕ್ಕೆ ಎದ್ದೇಳೋದು ಇನ್ನೂ ಕಷ್ಟವಾಯಿತು.

ಈ ಶನಿವಾರ ಬೇರೆಯವರನ್ನು ನೋಡಬೇಕು. ಈ ಸಲ "ಆರು ಗಂಟೆಗೆ ಹೊರಡಬೇಕು" ಅಂತ ಮೊದಲೇ ಹೇಳಿದ್ದೇನೆ. ಬರೀ ಕಾಫಿ, ಊಟ ಇಲ್ಲ. ನನ್ನ ದುಡ್ಡು ಆರ್ಡರ್ ಮಾಡುವಾಗಲೇ ಕೊಡ್ತೀನಿ. ಸುಳ್ಳಂತೂ ಹೇಳಲ್ಲ, ಒಂದು ಸುಳ್ಳಿಗೆ ಇನ್ನೊಂದು ಸೇರಿಸಬೇಕಾಗುತ್ತೆ.

ಆದರೆ ಆರಕ್ಕೂ ಮೊದಲೇ ಬೇಡ ಅನ್ನಿಸಿದರೆ? "ನಮಗೆ ಹೊಂದಲ್ಲ ಅನ್ನಿಸ್ತಿದೆ, ನಾನು ಹೊರಡ್ತೀನಿ" ಅಂತ ಎದುರಿಗೇ ಹೇಳಬೇಕಾ, ಅಥವಾ "ಸರಿ, ನಾನು ಬರ್ತೀನಿ" ಅಂತಷ್ಟೇ ಹೇಳಿ ಎದ್ದು, ಕಾರಣವನ್ನು ಆಮೇಲೆ ಮೆಸೇಜಲ್ಲಿ ಬರೆಯಬಹುದಾ? "ಬಿಡ್ತೀನಿ ಬನ್ನಿ" ಅಂದರೆ ನೀವು ಯಾವ ಮಾತು ಹೇಳ್ತೀರಿ? ದಯವಿಟ್ಟು ಆ ವಾಕ್ಯವನ್ನೇ ಬರೆದು ತಿಳಿಸಿ.