ಪದ ಬೇಕು: ಕೆಲಸ ಸ್ಟಾರ್ಟ್, ಪಾಜ್, ಕಂಪ್ಲೀಟ್ (ನಾಳೆ ಸಂಜೆಯೊಳಗೆ)

ಶ್ರುತಿ:
ಎಲ್ಲರಿಗೂ ನಮಸ್ಕಾರ. ಒಂದು ಆ್ಯಪ್‌ನ ಪಠ್ಯವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಧ್ವನಿಮುದ್ರಣ ಕೇಳಿ ಬರಹಕ್ಕಿಳಿಸುವ ಕೆಲಸವನ್ನು ಮನೆಯಲ್ಲಿರುವವರಿಗೆ ಹಂಚುವ ಆ್ಯಪ್ ಅದು. ಹಣ ಗಂಟೆ ಲೆಕ್ಕದಲ್ಲಿ. ಸ್ಟಾರ್ಟ್, ಪಾಜ್, ಕಂಪ್ಲೀಟ್ ಅಂತ ಮೂರು ಬಟನ್ ಇವೆ. ಅದೇ ಮೂರು ಪದಗಳು "ನನ್ನ ಲಾಗ್" ಪುಟದಲ್ಲಿ ಸಮಯದ ಜೊತೆ ಸಾಲುಸಾಲಾಗಿ ಬರುತ್ತವೆ. ಸದ್ಯಕ್ಕೆ ಆರಂಭ, ವಿರಾಮ, ಪೂರ್ಣ ಎಂದು ಹಾಕಿದ್ದೇನೆ. ಸರಿಯಿದೆಯಾ? ಲಾಗ್‌ಗೂ ಒಂದು ಪದ ಬೇಕು.

ವೆಂಕಟೇಶ:
ಮೂರೂ ಸಂಸ್ಕೃತ. ತೊಡಗು, ಬಿಡುವು, ಮುಗಿವು ಎಂದು ಹಾಕಿ. ಯಾರಾದರೂ ಶುರು ಅನ್ನುವ ಮೊದಲೇ ಹೇಳಿಬಿಡುತ್ತೇನೆ, ಅದು ಅರಬ್ಬಿಯಿಂದ ಬಂದದ್ದು, ಬೇಡ. ಲಾಗ್‌ಗೆ ದಾಖಲೆ ಇದೆಯಲ್ಲ. ಇದರಲ್ಲಿ ಚರ್ಚೆಗೆ ಏನಿದೆ?

ರಫೀಕ್:
ವೆಂಕಟೇಶ್ ಸರ್, ದಾಖಲೆಯೂ ಅಲ್ಲಿಂದಲೇ ಬಂದದ್ದು. ಇರಲಿ.

ಶ್ರುತಿ ಅವರೇ, ಪದಕ್ಕಿಂತ ಮೊದಲು ಒಂದು ಪ್ರಶ್ನೆ. ಆ ಪಾಜ್ ಸಾಲು ಯಾವಾಗ ಬೀಳುತ್ತದೆ? ಕೆಲಸ ಮಾಡುವವರು ಬಟನ್ ಒತ್ತಿದಾಗ ಮಾತ್ರವಾ? ಇಂಥ ಆ್ಯಪ್‌ಗಳಲ್ಲಿ ಸ್ವಲ್ಪ ಹೊತ್ತು ಪರದೆ ಮುಟ್ಟದಿದ್ದರೆ ಆ್ಯಪ್ ತಾನೇ ಗಡಿಯಾರ ನಿಲ್ಲಿಸುವುದುಂಟು. ಎರಡಕ್ಕೂ ವಿರಾಮ ಎಂದರೆ, ಆ ಹೊತ್ತಲ್ಲಿ ಇವರು ಕಾಲು ಚಾಚಿ ಕೂತಿದ್ದರು ಎಂಬ ಅರ್ಥ ಬರುತ್ತದೆ.

ಸಾವಿತ್ರಿ:
ನನಗೆ ಆಗಿದ್ದೇ ಇದು! ನಾನು ಬೇರೊಂದು ಕಡೆ ಇದೇ ಕೆಲಸ ಮಾಡುತ್ತೇನೆ, ಹೆಸರು ಬೇಡ. ಮೊದಲು ಇಡೀ ಆಡಿಯೋ ಒಮ್ಮೆ ಕೇಳಿ, ಆಮೇಲೆ ಬರೆಯುವುದು ನನ್ನ ರೂಢಿ. ಕೇಳುವಾಗ ಕೀಲಿ ಯಾಕೆ ಒತ್ತಲಿ? ಆದರೆ ಲಾಗ್‌ನಲ್ಲಿ ವಿರಾಮ ಅಂತ ಬಂತು, ಹಣವೂ ಕಡಿಮೆ ಆಯಿತು. ಕೇಳಿದರೆ "ನೀವು ವಿರಾಮ ತೆಗೆದುಕೊಂಡಿದ್ದೀರಿ, ದಾಖಲೆಯಲ್ಲಿದೆ" ಅಂದರು. ಆ ಸಾಲುಗಳನ್ನು ಇಂಗ್ಲಿಷಿನಲ್ಲಿದ್ದ ಹಾಗೇ ಹಾಕುತ್ತೇನೆ:

```
14:02:10  start   worker
14:09:40  pause   system  idle_300s
14:11:05  resume  worker
14:31:20  submit  worker
```

ಕೊಟ್ಟಿದ್ದು 22 ನಿಮಿಷ 45 ಸೆಕೆಂಡಿಗೆ. ಈ ಲೆಕ್ಕ ಹೇಗೆ ಬಂತೋ ನನಗೆ ಇವತ್ತಿಗೂ ಗೊತ್ತಾಗಿಲ್ಲ.

ನಾಗರಾಜ:
ನಾನು ಸಹಕಾರಿ ಬ್ಯಾಂಕಿನಲ್ಲಿ ಇದ್ದವನು. ಲಾಗ್ ಎಂದರೆ ಜೀಪಿನ ಲಾಗ್ ಬುಕ್ ಥರ ತಾನೇ? ಎಷ್ಟು ಕಿಲೋಮೀಟರ್, ಯಾರ ಸಹಿ. ಅದಕ್ಕೆ ಹಾಜರಿ ಪುಸ್ತಕ ಅಂದರೆ ಸಾಕು. ಅಥವಾ ನಮ್ಮ ಕಿರ್ದಿ. ನಡೆದದ್ದನ್ನು ನಡೆದ ಕ್ರಮದಲ್ಲಿ ಬರೆಯುತ್ತಾ ಹೋಗುವುದು ಕಿರ್ದಿ, ಅದರಿಂದ ಎತ್ತಿ ಮೊತ್ತ ಹಾಕುವುದು ಖಾತೆ. ಕಿರ್ದಿಯಲ್ಲಿ ತಪ್ಪಾದರೆ ಅಳಿಸುವ ಹಾಗಿಲ್ಲ, ಸರಿಪಡಿಸುವ ಇನ್ನೊಂದು ನಮೂದು ಬರೆಯಬೇಕು.

ವೆಂಕಟೇಶ:
ಕಿರ್ದಿ ಮರಾಠಿಯ ಕೀರ್ದ್. ಒಂದು ಎರವಲು ಬಿಟ್ಟು ಇನ್ನೊಂದನ್ನು ಹಿಡಿದ ಹಾಗಾಯಿತು.

ರಫೀಕ್:
ನಾಗರಾಜ್ ಸರ್, ಹಾಜರಿ ಬೇಡ. ಅದು ಇದ್ದರೋ ಇಲ್ಲವೋ ಎಂದಷ್ಟೇ ಹೇಳುತ್ತದೆ. ಆದರೆ ಕಿರ್ದಿ ಮತ್ತು ಖಾತೆ ಬೇರೆ ಎಂದಿರಲ್ಲ, ಸಾವಿತ್ರಿ ಮೇಡಂ ಲೆಕ್ಕ ಅಲ್ಲೇ ಹಾಳಾಗಿರುವುದು. ಹೇಗೆ ಅಂತ ನೋಡಿ.

ಶುರುವಿನಿಂದ ಸಲ್ಲಿಸುವ ತನಕ ಒಟ್ಟು 29 ನಿಮಿಷ 10 ಸೆಕೆಂಡು. ಪಾಜ್ ಸಾಲಿನಿಂದ ಮರಳಿ ಶುರುವಿನ ಸಾಲಿನವರೆಗೆ 1 ನಿಮಿಷ 25 ಸೆಕೆಂಡು. ಅದನ್ನು ಕಳೆದರೆ 27 ನಿಮಿಷ 45 ಸೆಕೆಂಡು ಉಳಿಯಬೇಕು. ಅದಕ್ಕೂ ನಿಮಗೆ ಕೊಟ್ಟಿದ್ದಕ್ಕೂ ಸರಿಯಾಗಿ 5 ನಿಮಿಷ ವ್ಯತ್ಯಾಸ. ಅಂದರೆ 300 ಸೆಕೆಂಡು ಕೀಲಿ ಒತ್ತಿಲ್ಲ ಎಂದು ಗೊತ್ತಾದ ಮೇಲೆ, ಆ 300 ಸೆಕೆಂಡನ್ನೂ ಹಿಂದಕ್ಕೆ ಹೋಗಿ ಕಳೆದಿದ್ದಾರೆ. ನೀವು 14:04:40ಕ್ಕೆ ಆಡಿಯೋ ಹಾಕಿ ಕೈ ಬಿಟ್ಟಿರಬೇಕು. ನೀವು ಕೇಳಿದ್ದಷ್ಟೂ, 6 ನಿಮಿಷ 25 ಸೆಕೆಂಡು, ಹೋಯಿತು. ಹಿಂದಕ್ಕೆ ಕಳೆದ ಈ ತೀರ್ಮಾನ ಲಾಗ್‌ನ ಯಾವ ಸಾಲಿನಲ್ಲೂ ಇಲ್ಲ. ಅದಕ್ಕೇ ನಿಮಗೆ ಲೆಕ್ಕ ಹತ್ತಲಿಲ್ಲ.

ಆಡಿಯೋ ಓಡಲು ಶುರುವಾದದ್ದು ಮತ್ತು ನಿಂತದ್ದು ಕೂಡ ಸಾಲುಗಳಾಗಿ ಬಿದ್ದಿದ್ದರೆ ಈ ಜಗಳವೇ ಇರುತ್ತಿರಲಿಲ್ಲ. ಕೈ ಆಡಲಿಲ್ಲ ಎನ್ನುವುದನ್ನು ಮಾತ್ರ ನೋಡಿ ಕೆಲಸ ಆಗಲಿಲ್ಲ ಎಂದರೆ ಕೇಳುವ, ಓದುವ ಕೆಲಸಗಳೆಲ್ಲ ಬಿಡುವಾಗಿಬಿಡುತ್ತವೆ.

ಇದರ ಉಲ್ಟಾ ತಪ್ಪೂ ಇದೆ. ಸಣ್ಣ ಸಣ್ಣ ಕೆಲಸಗಳನ್ನು ಆನ್‌ಲೈನಿನಲ್ಲಿ ಹಂಚುವ ಅಮೆಜಾನಿನ ಮೆಕ್ಯಾನಿಕಲ್ ಟರ್ಕ್ ತಾಣದ ಫಲಿತಾಂಶದ ಕಡತದಲ್ಲಿ `AcceptTime`, `SubmitTime`, `WorkTimeInSeconds` ಎಂಬ ಕಾಲಂಗಳಿವೆ. ಮೂರನೆಯದು ಮೊದಲೆರಡರ ನಡುವಿನ ಅಂತರ, ಅಷ್ಟೇ. ಅಲ್ಲಿ ಜನ ಒಟ್ಟಿಗೆ ಹಲವು ಕೆಲಸ ಹಿಡಿದಿಟ್ಟುಕೊಂಡು ಒಂದೊಂದಾಗಿ ಮಾಡುತ್ತಾರೆ. ಸಾಲಿನಲ್ಲಿ ಕಾದ ಹೊತ್ತೂ ಕೆಲಸದ ಹೊತ್ತಿನಂತೆ ಕಾಣುತ್ತದೆ. ಹಾಗಾಗಿ ಕೆಲಸ ಹಿಡಿದದ್ದು ಬೇರೆ, ಶುರು ಮಾಡಿದ್ದು ಬೇರೆ. ಎರಡಕ್ಕೂ ಒಂದೊಂದು ಸಾಲು ಬೇಕು.

ಶ್ರುತಿ:
ನಮ್ಮ ತಂಡವನ್ನು ಕೇಳಿದೆ. ಆ್ಯಪ್ ತಾನೇ ನಿಲ್ಲಿಸುವುದು ನಮ್ಮಲ್ಲೂ ಇದೆ. ಎರಡಕ್ಕೂ ಒಂದೇ ಪದದ ಜಾಗ ಕೊಟ್ಟಿದ್ದಾರೆ.

ಸಾವಿತ್ರಿ:
ಹಾಗಾದರೆ ಸುಮ್ನೆ ನಮ್ಮ ಮಾತಿನಲ್ಲೇ ಬರೆಯಿರಿ. ನಾನು ಒತ್ತಿದರೆ "ನೀವು ನಿಲ್ಲಿಸಿದಿರಿ". ಅದು ಮಾಡಿದರೆ "ಆ್ಯಪ್ ನಿಲ್ಲಿಸಿತು". ನೆಟ್ ಹೋದರೆ "ನಿಂತಿತು". ವಿರಾಮ, ಬಿಡುವು ಯಾವುದೂ ಬೇಡ. ಯಾರು ಮಾಡಿದ್ದು ಅಂತ ಕ್ರಿಯಾಪದವೇ ಹೇಳುತ್ತದೆ.

ವೆಂಕಟೇಶ:
ಬಟನ್ ಮೇಲೆ ವಾಕ್ಯ ಬರೆಯುತ್ತಾರಾ? ನಾಮಪದ ಬೇಕು. ಬಿಡುವು.

ರಫೀಕ್:
ಬಟನ್ ಮೇಲೆ "ನಿಲ್ಲಿಸು" ಸಾಕು. ಸಾಲಿನಲ್ಲಿ ಮೇಡಂ ಹೇಳಿದ್ದೇ ಸರಿ. ಬಟನ್ ಆಜ್ಞೆ, ಸಾಲು ವರದಿ. ಎರಡಕ್ಕೂ ಒಂದೇ ಪದ ಇರಬೇಕೆಂಬ ಹಟ ಇಂಗ್ಲಿಷಿನಿಂದ ಬಂದದ್ದು, ಸರ್. ಎರವಲು ಬೇಡ ಎನ್ನುವವರು ಇದನ್ನೂ ಬಿಡಬಹುದಲ್ವಾ?

ಪೂರ್ಣ ಕೂಡ ತೆಗೆಯಿರಿ, ಶ್ರುತಿ ಅವರೇ. ಬಟನ್ ಒತ್ತಿದಾಗ ಕೆಲಸ ಸಲ್ಲಿಕೆಯಾಗುತ್ತದೆ ಅಷ್ಟೇ. ಆಮೇಲೆ ಯಾರೋ ನೋಡಿ ಒಪ್ಪಬಹುದು, ವಾಪಸ್ ಕಳಿಸಲೂಬಹುದು. ವಾಪಸ್ ಬಂದು ಮತ್ತೆ ಶುರುವಾದರೆ ಅದು ಹೊಸ ಸಾಲು. ಹಳೆಯ ಶುರುವಿನ ಮೇಲೆ ಬರೆದರೆ ಮೊದಲ ಸುತ್ತಿನ ದುಡಿಮೆ ಅಳಿಸಿಹೋಗುತ್ತದೆ.

ಊರಲ್ಲಿ ನೆಟ್ ಇಲ್ಲದಾಗ ಇನ್ನೊಂದು ತೊಂದರೆ. 5:10ಕ್ಕೆ ಸಲ್ಲಿಸು ಒತ್ತುತ್ತಾರೆ, ಸರ್ವರ್‌ಗೆ ಅದು ಮುಟ್ಟುವುದು 6:40ಕ್ಕೆ. ಗಡುವು 6 ಗಂಟೆ. ಸರ್ವರ್ ಸಮಯ ಒಂದನ್ನೇ ಬರೆದರೆ ಇವರು ತಡ ಮಾಡಿದ ಹಾಗೆ. ಫೋನಿನ ಸಮಯ ಒಂದನ್ನೇ ನಂಬಿದರೆ, ಗಡಿಯಾರ ಹಿಂದಕ್ಕೆ ತಿರುಗಿಸಿದವರಿಗೆ ಲಾಭ. ಎರಡನ್ನೂ ಬರೆಯಬೇಕು. ಪ್ರತಿ ಸಾಲಿಗೂ ಫೋನ್ ಒಂದು ಗುರುತಿನ ಸಂಖ್ಯೆ ಕೊಟ್ಟಿರಬೇಕು. ಇಲ್ಲದಿದ್ದರೆ ನೆಟ್ ಬಂದಾಗ ಫೋನ್ ಅದೇ ಸಾಲನ್ನು ಎರಡು ಸಲ ಕಳಿಸಿ, ಎರಡು ಸಲ್ಲಿಕೆ ಆದಂತೆ ಕಾಣುತ್ತದೆ.

ನಾಗರಾಜ:
ನಮ್ಮಲ್ಲಿ ಇದಕ್ಕೆ "ಬಂದ ತಾರೀಖು" ಮತ್ತು "ಬರೆದ ತಾರೀಖು" ಅಂತ ಎರಡು ಕಾಲಂ ಇತ್ತು. ಹೊಸದೇನಲ್ಲ.

ಶ್ರುತಿ:
ಎಲ್ಲರಿಗೂ ಧನ್ಯವಾದ. ಬಟನ್‌ಗೆ ಶುರು ಮಾಡು, ನಿಲ್ಲಿಸು, ಸಲ್ಲಿಸು ಎಂದು ಕಳಿಸುತ್ತಿದ್ದೇನೆ. ಸಾಲುಗಳಿಗೆ ಸಾವಿತ್ರಿ ಅವರ ವಾಕ್ಯಗಳು. ಅದಕ್ಕೆ ತಂಡದವರು ಎರಡು ಜಾಗ ಹೆಚ್ಚು ಕೊಡಬೇಕು, ಕೇಳಿದ್ದೇನೆ. ಪುಟದ ಹೆಸರು "ಕೆಲಸದ ಕಿರ್ದಿ" ಎಂದಿಡಲು ಆಸೆ, ಆದರೆ ಚಿಕ್ಕ ವಯಸ್ಸಿನವರಿಗೆ ಅರ್ಥವಾಗುತ್ತದಾ ಅಂತ ಅನುಮಾನ.

ವೆಂಕಟೇಶ:
ಆಗುವುದಿಲ್ಲ. ಶುರು ಎಂದು ಕಳಿಸಿದ್ದಕ್ಕೂ ನನ್ನ ವಿರೋಧವಿದೆ.

ಸಾವಿತ್ರಿ:
ರಫೀಕ್ ಅವರೇ, ನನ್ನ ಹಳೆಯ ಲೆಕ್ಕವನ್ನು ಈಗ ಸರಿ ಮಾಡಿಸಬಹುದಾ?

ರಫೀಕ್:
ಅರ್ಧ ಆಗುತ್ತದೆ, ಮೇಡಂ. ಸಾಲುಗಳನ್ನು ಉಳಿಸಿದ್ದಾರೆ, ಹಾಗಾಗಿ ಹಿಂದಕ್ಕೆ ಕಳೆದ 5 ನಿಮಿಷವನ್ನು ಇದೇ ಸಮಯಗಳನ್ನು ಇಟ್ಟುಕೊಂಡು ಕೇಳಬಹುದು. ಉಳಿದ 1 ನಿಮಿಷ 25 ಸೆಕೆಂಡಿಗೆ ಆಡಿಯೋ ಓಡುತ್ತಿತ್ತು ಎಂಬ ಪುರಾವೆ ಬೇಕು. ಅದನ್ನು ಅವರು ಬರೆದೇ ಇಲ್ಲ. ಆ ಆಡಿಯೋ ಎಷ್ಟು ಉದ್ದವಿತ್ತು ನೋಡಿ. 6 ನಿಮಿಷ 25 ಸೆಕೆಂಡಿನಷ್ಟಿದ್ದರೆ ಅದನ್ನೂ ಸೇರಿಸಿ ಕೇಳಿ.