2017ರಿಂದ ಗ್ಯಾಪ್: ಟೆಸ್ಟಿಂಗ್‌ಗೆ ವಾಪಸ್ ಬರಲು ಯಾವ ಸರ್ಟಿಫಿಕೇಟ್ ತೋರಿಸಬೇಕು?

ಪ್ರಶ್ನೆ: ಎಂಟು ವರ್ಷ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡಿದ್ದೆ. ಮ್ಯಾನ್ಯುಯಲ್ ಜಾಸ್ತಿ, ಕೊನೆಯ ಎರಡು ವರ್ಷ ಬ್ರೌಸರ್ ಟೆಸ್ಟ್ ತಾನಾಗಿ ಓಡಿಸುವ ಸೆಲೆನಿಯಮ್, ಜಾವಾದಲ್ಲಿ. 2017ರ ಕೊನೆಗೆ ಕೆಲಸ ಬಿಟ್ಟೆ. ಐಎಸ್‌ಟಿಕ್ಯುಬಿ ಫೌಂಡೇಶನ್, ಅಂದರೆ ಟೆಸ್ಟಿಂಗ್‌ನ ಮೊದಲ ಹಂತದ ಪರೀಕ್ಷೆ, 2011ರಲ್ಲಿ ಆಗಿದೆ. ಈಚೆಗೆ ಆನ್‌ಲೈನ್ ಕೋರ್ಸ್ ಮಾಡಿ ಮೂರು ಸರ್ಟಿಫಿಕೇಟ್ ತೆಗೆದುಕೊಂಡೆ. ಆದರೂ ಯಾರೂ ಕರೆಯುತ್ತಿಲ್ಲ. ಇನ್ನು ಯಾವ ಸರ್ಟಿಫಿಕೇಟ್ ಮಾಡಿದರೆ ನನ್ನ ಸ್ಕಿಲ್ ಹಳೆಯದಲ್ಲ ಅಂತ ನಂಬುತ್ತಾರೆ?

ಒಬ್ಬ ಸದಸ್ಯರು: ಮೊದಲು ಫೌಂಡೇಶನ್ ಮತ್ತೆ ಬರೆಯಿರಿ ಮೇಡಂ. 2011ರದ್ದು ಎಕ್ಸ್‌ಪೈರ್ ಆಗಿರುತ್ತದೆ. ಸಿಲಬಸ್ಸೂ ಬದಲಾಗಿದೆ, 2023ರಲ್ಲಿ 4.0 ಬಂತು.

ಟೆಸ್ಟ್ ಮ್ಯಾನೇಜರ್ ಒಬ್ಬರು: ಸಿಲಬಸ್ ಬದಲಾಗಿದ್ದು ನಿಜ ಸರ್. ಆದರೆ ಐಎಸ್‌ಟಿಕ್ಯುಬಿ ಫೌಂಡೇಶನ್ ಎಕ್ಸ್‌ಪೈರ್ ಆಗುವುದಿಲ್ಲ. ಒಮ್ಮೆ ಪಾಸಾದರೆ ಮುಗಿಯಿತು. ಅದರ ತೊಂದರೆಯೂ ಅದೇ. ಎಂದೂ ಹಳೆಯದಾಗದ ಸರ್ಟಿಫಿಕೇಟ್, ನೀವು ಇವತ್ತು ಏನು ಬಲ್ಲಿರಿ ಅಂತ ಹೇಗೆ ಹೇಳೀತು? ಮತ್ತೆ ದುಡ್ಡು ಕಟ್ಟಿ ಬರೆದರೂ ನಾನು ರೆಸ್ಯೂಮೆಯಲ್ಲಿ ಅದನ್ನು ನೋಡಿ ಮುಂದೆ ಹೋಗುತ್ತೇನೆ. 4.0 ಸಿಲಬಸ್ ಪಿಡಿಎಫ್ ಸುಮ್ನೆ ಸಿಗುತ್ತದೆ, ಓದಿಕೊಂಡರೆ ಸಾಕು.

ಮೇಡಂ, ನಾನು ತಿಂಗಳಿಗೆ ಹತ್ತಾರು ರೆಸ್ಯೂಮೆ ನೋಡುವವನು. ಗ್ಯಾಪ್ ಇರುವವರದ್ದಾದರೆ ಸರ್ಟಿಫಿಕೇಟಿನ ಹೆಸರಿಗಿಂತ ಮೊದಲು ಒಂದು ವಿಷಯ ನೋಡುತ್ತೇನೆ: ಇದನ್ನು ಕೊಡುವ ಮುಂಚೆ ಯಾರಾದರೂ ಇವರನ್ನು ಪರೀಕ್ಷೆ ಮಾಡಿದ್ದಾರಾ? ನಿಮ್ಮ ಮೂರು ಕೋರ್ಸ್ ಸರ್ಟಿಫಿಕೇಟ್ ಹೇಳುವುದು ವಿಡಿಯೋ ಕೊನೆಯವರೆಗೂ ಓಡಿತು ಅಂತ ಅಷ್ಟೆ. ಕಲಿತಿಲ್ಲ ಅಂತ ಹೇಳುತ್ತಿಲ್ಲ. ಕಲಿತದ್ದು ಅದರಲ್ಲಿ ಕಾಣುವುದಿಲ್ಲ. ಮೂರರಲ್ಲಿ ಎರಡು ತೆಗೆದುಬಿಡಿ.

ಟೆಸ್ಟಿಂಗ್‌ನಲ್ಲಿ ನಾನು ನಂಬುವುದು ತಾನಾಗಿ ಓಡುವ ಒಂದು ಸಣ್ಣ ಟೆಸ್ಟ್ ಸೂಟ್. ಗಿಟ್‌ಹಬ್‌ನಲ್ಲಿ ಪಬ್ಲಿಕ್ ಆಗಿ ಇಡಿ. ಹದಿನೈದು ಟೆಸ್ಟ್ ಸಾಕು, ಐವತ್ತು ಬೇಡ. ಗಿಟ್‌ಹಬ್ ಆ್ಯಕ್ಷನ್ಸ್‌ನಲ್ಲಿ ಪ್ರತಿ ಬದಲಾವಣೆಗೂ ವಾರಕ್ಕೊಮ್ಮೆಯೂ ಓಡುವ ಹಾಗೆ ಮಾಡಿ:

```
on:
  push:
  schedule:
    - cron: "30 1 * * 1"
```

ಇದು ಪ್ರತಿ ಸೋಮವಾರ ಬೆಳಗಿನ ಜಾವ ಒಂದೂವರೆಗೆ ಓಡುತ್ತದೆ, ಯುಟಿಸಿ ಸಮಯದಲ್ಲಿ. ನಾನು ರೆಪೊ ತೆರೆದು Actions ಒತ್ತಿದರೆ ಹೋದ ಸೋಮವಾರದ ತಾರೀಖು, ಪಕ್ಕದಲ್ಲಿ ಹಸಿರು ಟಿಕ್. ಇದಕ್ಕಿಂತ ಹೊಸ ತಾರೀಖಿನ ಸರ್ಟಿಫಿಕೇಟ್ ಯಾವುದಿದೆ ಹೇಳಿ? ಆದರೆ ಒಂದು ಎಚ್ಚರ. ಪಬ್ಲಿಕ್ ರೆಪೊದಲ್ಲಿ 60 ದಿನ ಏನೂ ಚಟುವಟಿಕೆ ಇಲ್ಲದಿದ್ದರೆ ಗಿಟ್‌ಹಬ್ ಈ ಶೆಡ್ಯೂಲನ್ನು ನಿಲ್ಲಿಸಿಬಿಡುತ್ತದೆ. ಸೂಟ್ ಮಾಡಿ ಮರೆತವರ ಲಿಂಕ್ ಒತ್ತಿದಾಗ ಕೊನೆಯ ರನ್ ನಾಲ್ಕು ತಿಂಗಳ ಹಿಂದಿನದು ಇರುತ್ತದೆ. ಆಗ ಅದು ತಿರುಗಿ ಹೊಡೆಯುತ್ತದೆ.

ಇನ್ನೊಬ್ಬ ಸದಸ್ಯರು: ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನದು ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್. ಅದರ ಸರ್ಟಿಫಿಕೇಟ್ ಪಿಎಂಪಿ ಇತ್ತು, ಮಗುವಿಗಾಗಿ ಐದು ವರ್ಷ ಬಿಟ್ಟೆ. ಅದನ್ನು ಉಳಿಸಿಕೊಳ್ಳಲು ಮೂರು ವರ್ಷಕ್ಕೆ 60 ಪಿಡಿಯು, ಅಂದರೆ ಕಲಿಕೆಯ ಗಂಟೆ, ಕೊಡಬೇಕಿತ್ತು, ಕೊಡಲಿಲ್ಲ. ಈಗ ರೆಸ್ಯೂಮೆಯಲ್ಲಿ ಹಾಕಬಹುದಾ? ನಾನೂ ಗಿಟ್‌ಹಬ್ ಮಾಡಬೇಕಾ?

ಟೆಸ್ಟ್ ಮ್ಯಾನೇಜರ್: ನಿಮಗೆ ಗಿಟ್‌ಹಬ್ ಬೇಡ ಮೇಡಂ, ನಿಮ್ಮ ದಾರಿ ಬೇರೆ. ಮೂರು ವರ್ಷ ಮುಗಿದ ಮೇಲೆ ಒಂದು ವರ್ಷ ಸಸ್ಪೆಂಡ್ ಇರುತ್ತದೆ. ಅದೂ ದಾಟಿದ್ದರೆ ಪರೀಕ್ಷೆ ಮತ್ತೆ ಬರೆಯಬೇಕು. ಹೆಸರಿನ ಮುಂದೆ ಪಿಎಂಪಿ ಹಾಕಬೇಡಿ, ಆನ್‌ಲೈನ್‌ನಲ್ಲಿ ಹುಡುಕಿದರೆ ಸಿಕ್ಕಿಬೀಳುತ್ತೀರಿ. ಯಾವ ವರ್ಷದಿಂದ ಯಾವ ವರ್ಷದವರೆಗೆ ಇತ್ತು ಅಂತ ಬರೆಯಿರಿ. ಅರ್ಜಿ ಹಾಕುವ ಮುಂಚೆ ಇನ್ನೊಂದು ನೋಡಿ: ಪಿಎಂಪಿ ಕೊಡುವವರು ಅನುಭವವನ್ನು ಹಿಂದಿನ ಇಂತಿಷ್ಟು ವರ್ಷದೊಳಗಿನದು ಮಾತ್ರ ಲೆಕ್ಕ ಹಾಕುತ್ತಾರೆ. ತಡ ಮಾಡಿದಷ್ಟೂ ನಿಮ್ಮ ಹಳೆಯ ಅನುಭವ ಲೆಕ್ಕದಿಂದ ಹೊರಗೆ ಬೀಳುತ್ತಾ ಹೋಗುತ್ತದೆ.

ಪ್ರಶ್ನೆ ಕೇಳಿದವರು: ಧನ್ಯವಾದ ಸರ್. ಒಂದು ಸೂಟ್ ಆಗಲೇ ಇದೆ. ಕೋರ್ಸ್‌ನಲ್ಲಿ ಹೇಳಿಕೊಟ್ಟಿದ್ದನ್ನೇ ಸೆಲೆನಿಯಮ್‌ನಲ್ಲಿ ಬರೆದು ಹಾಕಿದ್ದೇನೆ. ಲಿಂಕ್ ಮೆಸೇಜ್ ಮಾಡಿದ್ದೇನೆ, ನೋಡುತ್ತೀರಾ?

ಟೆಸ್ಟ್ ಮ್ಯಾನೇಜರ್: ನೋಡಿದೆ. ಬೇಜಾರಾಗಬೇಡಿ, ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ನಿಮ್ಮ ಸೆಟಪ್ ಫೈಲಿನ ಮೊದಲನೇ ಸಾಲು ಇದು:

```
System.setProperty("webdriver.chrome.driver", "C:\\drivers\\chromedriver.exe");
```

ಇದು 2017ರ ಅಭ್ಯಾಸ. ಸೆಲೆನಿಯಮ್ 4 ಬಂದದ್ದು 2021ರಲ್ಲಿ. 2022ರ 4.6ರಿಂದ ಸೆಲೆನಿಯಮ್ ಮ್ಯಾನೇಜರ್ ಜೊತೆಗೇ ಬರುತ್ತದೆ, ಬ್ರೌಸರ್ ನಡೆಸುವ ಡ್ರೈವರನ್ನು ಅದೇ ಹುಡುಕಿಕೊಳ್ಳುತ್ತದೆ. ಸಾಲು ತಪ್ಪೇನಲ್ಲ, ನಿಮ್ಮ ಯಂತ್ರದಲ್ಲಿ ಓಡುತ್ತದೆ. ಆದರೆ ಆ್ಯಕ್ಷನ್ಸ್‌ನ ಲಿನಕ್ಸ್ ಯಂತ್ರದಲ್ಲಿ C: ಎಲ್ಲಿರುತ್ತದೆ? ಮೊದಲ ರನ್ನಲ್ಲೇ ಬೀಳುತ್ತದೆ. ಅದನ್ನು ಅಳಿಸಿ, ಬರೀ `new ChromeDriver()` ಸಾಕು. ಅಲ್ಲಿ ಪರದೆ ಇರುವುದಿಲ್ಲ, ಹೆಡ್‌ಲೆಸ್ ಆಯ್ಕೆ ಮಾತ್ರ ಸೇರಿಸಿ. `Thread.sleep(5000)` ಹನ್ನೊಂದು ಕಡೆ ಇದೆ. ಸುಮ್ನೆ ಐದು ಸೆಕೆಂಡ್ ಕಾಯುವ ಅವನ್ನು ತೆಗೆದು, ಬೇಕಾದದ್ದು ಕಾಣುವವರೆಗೆ ಮಾತ್ರ ಕಾಯುವ `WebDriverWait` ಹಾಕಿ. ಅದಕ್ಕೂ ಈಗ ಬರೀ 10 ಅಂತಲ್ಲ, `Duration.ofSeconds(10)` ಅಂತ ಕೊಡಬೇಕು. ನೀವು ಈಚೆಗೆ ಕೈ ಹಾಕಿ ಕೆಲಸ ಮಾಡಿದ್ದೀರಾ ಅನ್ನುವುದು ನನಗೆ ಗೊತ್ತಾಗುವುದು ಇಂಥ ಸಣ್ಣ ಸಾಲುಗಳಲ್ಲೇ.

ಎರಡನೆಯದು. ಅದೇ ಟುಡು ಆ್ಯಪ್, ಅದೇ ಟೆಸ್ಟ್ ಹೆಸರು, ಎಲ್ಲ ಸೇರಿ ಒಂದೇ ಕಮಿಟ್. ಕೋರ್ಸ್ ಮಾಡಿದ ಎಲ್ಲರ ರೆಪೊನೂ ಹೀಗೇ ಇರುತ್ತದೆ. ಬೇರೆ ಆ್ಯಪ್ ಹಿಡಿಯಿರಿ, ನೀವೇ ಒಂದು ಬಗ್ ಹುಡುಕಿ, ಅದನ್ನು ಹಿಡಿಯುವ ಟೆಸ್ಟ್ ಬರೆಯಿರಿ. ಟೆಸ್ಟ್ ಯಾಕೆ ಫೇಲ್ ಆಗುತ್ತಿದೆ ಅಂತ ರೀಡ್‌ಮಿಯಲ್ಲಿ ನಾಲ್ಕು ಸಾಲು ಹಾಕಿ. ಎಂಟು ವರ್ಷದ ಮ್ಯಾನ್ಯುಯಲ್ ಅನುಭವ ಕಾಣುವುದು ಅಲ್ಲಿಯೇ. ಇಂಟರ್‌ವ್ಯೂನಲ್ಲಿ ನಾನು ಮಾಡುವುದು ಇಷ್ಟೆ: ಒಂದು ಬಟನ್ ಹೆಸರು ಬದಲಾಯಿಸಿದರೆ ನಿಮ್ಮ ಯಾವ ಟೆಸ್ಟ್ ಬೀಳುತ್ತದೆ ಅಂತ ಕೇಳುತ್ತೇನೆ. ತಾವೇ ಬರೆದವರು ಫೈಲ್ ತೆರೆಯದೆ ಹೇಳುತ್ತಾರೆ.

ಎಚ್‌ಆರ್‌ನಲ್ಲಿರುವ ಸದಸ್ಯರು: ಸರ್, ನೀವು ಹೇಳುವುದು ರೆಸ್ಯೂಮೆ ನಿಮ್ಮ ಮೇಜಿಗೆ ಬಂದ ಮೇಲೆ. ಅದಕ್ಕಿಂತ ಮುಂಚೆ ಸೋಸುವವರು ನಾವು. ನಮಗೆ ಜಾವಾ ಓದಲು ಬರುವುದಿಲ್ಲ, ನಾವು ಹುಡುಕುವುದು ಈಚಿನ ತಾರೀಖಿನ ಒಂದು ಹೆಸರು. ಗಿಟ್‌ಹಬ್ ಲಿಂಕ್ ನಾನು ಒತ್ತುವುದೇ ಇಲ್ಲ.

ಟೆಸ್ಟ್ ಮ್ಯಾನೇಜರ್: ಒಪ್ಪುತ್ತೇನೆ, ಇದು ನನ್ನ ಕಣ್ಣಿಗೆ ಬೀಳದ ಭಾಗ. ಹಾಗಾದರೆ ಒಂದೇ ಒಂದು ಪರೀಕ್ಷೆ ಬರೆಯಲಿ. ಐಎಸ್‌ಟಿಕ್ಯುಬಿಯ ಅಡ್ವಾನ್ಸ್‌ಡ್ ಟೆಸ್ಟ್ ಆಟೊಮೇಶನ್ ಆಗಬಹುದು. ಅದಕ್ಕೆ ಫೌಂಡೇಶನ್ ಇರಲೇಬೇಕು, 2011ರದ್ದೇ ನಡೆಯುತ್ತದೆ. ಆ ಹಳೆಯ ಕಾಗದ ಕೆಲಸಕ್ಕೆ ಬರುವುದು ಇಲ್ಲಿ. ಆದರೆ ಅದೂ ಆಯ್ಕೆ ಪ್ರಶ್ನೆಗಳ ಪರೀಕ್ಷೆಯೇ, ಕೋಡ್ ಬರೆಸುವುದಿಲ್ಲ. ನಿಮ್ಮ ಮೇಜು ದಾಟಲು ಅದು, ನನ್ನದು ದಾಟಲು ರೆಪೊ.

ಮೊದಲ ಸದಸ್ಯರು: ಎಕ್ಸ್‌ಪೈರ್ ವಿಷಯದಲ್ಲಿ ನನ್ನದೇ ತಪ್ಪು. ಮೈಕ್ರೋಸಾಫ್ಟ್ ಅಸೋಸಿಯೇಟ್ ಸರ್ಟಿಫಿಕೇಟ್ ವರ್ಷಕ್ಕೊಮ್ಮೆ ರಿನ್ಯೂ ಮಾಡುತ್ತೇನಲ್ಲ, ಎಲ್ಲವೂ ಹಾಗೇ ಅಂದುಕೊಂಡಿದ್ದೆ. ಆದರೆ ಸೆಲೆನಿಯಮ್ ಯಾಕೆ ಇನ್ನೂ? ಅದಕ್ಕಿಂತ ಹೊಸ ಟೂಲ್ ಪ್ಲೇರೈಟ್ ಕಲಿಯಲಿ ಅಲ್ವಾ?

ಟೆಸ್ಟ್ ಮ್ಯಾನೇಜರ್: ಹೊಸದಾಗಿ ಶುರು ಮಾಡುವವರಿಗೆ ಹೌದು ಅನ್ನುತ್ತೇನೆ. ಇವರಿಗೆ ಜಾವಾ ಕೈಯಲ್ಲಿದೆ, ಹಳೆಯ ಸೆಲೆನಿಯಮ್ ಸೂಟ್ ಇಟ್ಟುಕೊಂಡಿರುವ ಕಡೆ ಜನ ಬೇಕು. ನಮ್ಮ ಟೀಮಿನಲ್ಲೇ ಈ ಜಗಳ ಮುಗಿದಿಲ್ಲ.

ಪ್ರಶ್ನೆ ಕೇಳಿದವರು: ಡ್ರೈವರ್ ಸಾಲು ಅಳಿಸಿ ಆ್ಯಕ್ಷನ್ಸ್‌ನಲ್ಲಿ ಓಡಿಸಿದೆ ಸರ್. ಹದಿನಾಲ್ಕರಲ್ಲಿ ಒಂಬತ್ತು ಪಾಸ್. ಉಳಿದ ಐದೂ `sleep` ಇದ್ದವೇ. ಅವನ್ನು ಒಂದೊಂದಾಗಿ ಬೇರೆ ಬೇರೆ ಕಮಿಟ್ ಮಾಡುತ್ತಿದ್ದೇನೆ.